ಯಂತ್ರ ಮಾರಿದ ಹಣವೆಲ್ಲ ನಮ್ಮದೇ?

"ಸವಕಳಿ ಕೈಯಿಂದ ಹೋಗುವ ಹಣವೇ ಅಲ್ಲವಲ್ಲ, ಅದನ್ನೇಕೆ ಲೆಕ್ಕಕ್ಕೆ ತರುತ್ತೀರಿ? ಕೊನೆಗೆ ಯಂತ್ರ ಮಾರಿದರೆ ಬರುವ ಮೊತ್ತವನ್ನು ಹಾಗೆಯೇ ಬರೆದರೆ ಸಾಲದೇ?"

ಹೊಸ ಯೋಜನೆಯಿಂದ ಕೈಗೆ ಬರುವ ನಗದನ್ನು ಅಂದಾಜು ಮಾಡುವಾಗ ಏಳುವ ಪ್ರಶ್ನೆ ಇದು. ಸವಕಳಿ ಎಂದರೆ ಯಂತ್ರ ಸವೆದಂತೆ ವರ್ಷವರ್ಷವೂ ಲಾಭದಿಂದ ಕಳೆಯುವ ಮೊತ್ತ. ಮುಂಬಯಿಯ ಹೋಟೆಲು ಮಾಲೀಕರಿಗೆ ಲೆಕ್ಕ ಬರೆದುಕೊಡುವ ನನಗೆ ಹತ್ತಿರದ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ಡೊಂಬಿವಲಿಯಲ್ಲಿ ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ನಡೆಯುವ ಹೋಟೆಲೊಂದು ದೋಸೆ ಹಿಟ್ಟಿನ ಪ್ಯಾಕೆಟ್ ಮಾರಲು 10 ಲಕ್ಷ ರೂಪಾಯಿಯ ಯಂತ್ರಗಳನ್ನು ಕೊಳ್ಳುತ್ತದೆ. ಅಕ್ಕಿ, ಉದ್ದು ಮತ್ತು ಅಂಗಡಿಗಳ ಉದ್ರಿಗಾಗಿ ಇನ್ನೂ 2 ಲಕ್ಷ ತೊಡಗಿಸುತ್ತದೆ ಎನ್ನೋಣ. ತೆರಿಗೆಯನ್ನು ಸುಲಭಕ್ಕಾಗಿ ಶೇಕಡಾ 25 ಎಂದು ಹಿಡಿಯುತ್ತೇನೆ.

ಹಿಟ್ಟಿನಿಂದ ವರ್ಷಕ್ಕೆ 6 ಲಕ್ಷ ಉಳಿಯುತ್ತದೆ; ಆದರೆ ಹಿಟ್ಟು ಮನೆಗೊಯ್ದ ಗಿರಾಕಿ ಹೋಟೆಲಿಗೆ ಬರುವುದು ಕಡಿಮೆಯಾಗಿ ಅಲ್ಲಿ 1 ಲಕ್ಷ ಖೋತಾ ಆಗುವುದರಿಂದ, ಯೋಜನೆಯಿಂದ ಹೆಚ್ಚುವರಿಯಾಗಿ ಬರುವುದು 5 ಲಕ್ಷ ಮಾತ್ರ. ಈ ಖೋತಾವನ್ನು ಯಾರೂ ತಾವಾಗಿ ಹೇಳುವುದಿಲ್ಲ, ನಾನೇ ಕೇಳಿ ತೆಗೆಯಬೇಕಾಗುತ್ತದೆ.

ಯಂತ್ರಗಳಿಗೆ ವರ್ಷಕ್ಕೆ ಶೇಕಡಾ 15ರಂತೆ, ಉಳಿದ ಮೌಲ್ಯದ ಮೇಲೆ ಸವಕಳಿ ಸಿಗುವುದರಿಂದ ಮೊದಲ ವರ್ಷದ ಸವಕಳಿ 1.5 ಲಕ್ಷ. ತೆರಿಗೆ 5 ಲಕ್ಷಕ್ಕಲ್ಲ, 3.5 ಲಕ್ಷಕ್ಕೆ ಬೀಳುತ್ತದೆ. ಕಟ್ಟುವುದು 87,500, ಕೈಗೆ ಬರುವುದು 4,12,500. ಸವಕಳಿ ಇಲ್ಲದಿದ್ದರೆ 3,75,000 ಮಾತ್ರ ಬರುತ್ತಿತ್ತು. ಸವಕಳಿ ಹಣವಲ್ಲ ನಿಜ, ಅದು ಉಳಿಸಿಕೊಟ್ಟ 37,500 ರೂಪಾಯಿ ಮಾತ್ರ ನಗದೇ. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅರ್ಧ ಸವಕಳಿಯೇ ಸಿಗುತ್ತದೆ. ದೀಪಾವಳಿಯ ಹೊತ್ತಿಗೆ ಯಂತ್ರ ತರುವವರು ಇದನ್ನು ಮರೆಯುತ್ತಾರೆ.

ಮೂರು ವರ್ಷ ಕಳೆದು ಘಟಕ ಮುಚ್ಚಿದಾಗ ಆ 2 ಲಕ್ಷ ವಾಪಸು ಬರಬೇಕು. ಅದು ಲಾಭವಲ್ಲದ್ದರಿಂದ ತೆರಿಗೆಯಿಲ್ಲ, ಆದರೆ ಉದ್ರಿಯಲ್ಲಿ ಒಂದಿಷ್ಟು ಮುಳುಗುವುದು ಸಹಜ. 20,000 ಮುಳುಗಿದರೆ ಅದನ್ನು ಪುಸ್ತಕದಲ್ಲಿ ವಜಾ ಮಾಡಿದ್ದರಿಂದ ಉಳಿತಾಯವಾಗುವ 5,000 ರೂಪಾಯಿ ತೆರಿಗೆಯನ್ನು ಸೇರಿಸಿ 1,85,000 ಎಂದು ಬರೆಯುತ್ತೇನೆ.

ತಪ್ಪುವುದು ಯಂತ್ರದ ಮಾರಾಟದಲ್ಲಿ. ನಾಲ್ಕನೆಯ ವರ್ಷದ ಆರಂಭದಲ್ಲಿ ಸವಕಳಿ ಕಳೆದು ಉಳಿದ ಮೌಲ್ಯ 6,14,125. ಮಾರಿದ್ದು 4 ಲಕ್ಷಕ್ಕೆ. ಪಠ್ಯಪುಸ್ತಕದ ಕ್ರಮದಲ್ಲಿ 2,14,125 ನಷ್ಟದ ಕಾಲುಭಾಗ, ಅಂದರೆ ಸುಮಾರು 53,500 ತೆರಿಗೆ ಉಳಿತಾಯವಾಗಿ, ಕೈಗೆ 4,53,500 ಬಂತು ಎಂದು ಬರೆದುಬಿಡುತ್ತಾರೆ. ನಮ್ಮ ತೆರಿಗೆ ಕಾನೂನಿನಲ್ಲಿ ಹಾಗಾಗುವುದಿಲ್ಲ. ಒಂದೇ ದರದ ಯಂತ್ರಗಳೆಲ್ಲ ಒಂದು ಬ್ಲಾಕ್. ಹೋಟೆಲಿನ ಗ್ರೈಂಡರ್, ಫ್ರಿಜ್ ಅದರಲ್ಲಿ ಉಳಿದಿರುವಾಗ ಮಾರಾಟದ ಹಣವನ್ನು ಬ್ಲಾಕಿನಿಂದ ಕಳೆಯುತ್ತಾರೆ, ಅಷ್ಟೇ. ನಷ್ಟದ ಮೊತ್ತ ಬ್ಲಾಕಿನೊಳಗೇ ಉಳಿದು ವರ್ಷವರ್ಷವೂ ಶೇಕಡಾ 15ರಂತೆ ಸವೆಯುತ್ತದೆ. ಹೀಗೆ ಮುಂದೆ ಚೂರುಚೂರಾಗಿ ಸಿಗುವ ಉಳಿತಾಯವನ್ನು ಶೇಕಡಾ 12ರ ಬಡ್ಡಿ ದರದಲ್ಲಿ ಮಾರಿದ ದಿನಕ್ಕೆ ಇಳಿಸಿದರೆ ಆ 53,500ರ ಅಂದಿನ ಬೆಲೆ ಸುಮಾರು 29,700 ಮಾತ್ರ. ಲಾಭಕ್ಕೆ ಮಾರಿದ್ದರೆ ಇದೇ ನಿಯಮ ಅನುಕೂಲಕ್ಕೆ ತಿರುಗಿ ತೆರಿಗೆಯನ್ನು ಮುಂದಕ್ಕೆ ತಳ್ಳುತ್ತಿತ್ತು.

ಹಿಟ್ಟಿನ ಘಟಕವನ್ನೇ ಬೇರೆ ಕಂಪನಿಯಾಗಿ ಮಾಡಿ, ಕೊನೆಗೆ ಅದರ ಯಂತ್ರಗಳನ್ನೆಲ್ಲ ಮಾರಿಬಿಟ್ಟರೆ ಬ್ಲಾಕೇ ಮುಗಿಯುತ್ತದೆ. ಆಗ ಆ ನಷ್ಟವನ್ನು ಅಲ್ಪಾವಧಿ ಬಂಡವಾಳ ನಷ್ಟವೆಂದು ಪರಿಗಣಿಸುವುದರಿಂದ ವ್ಯಾಪಾರದ ಲಾಭಕ್ಕೆ ಅದನ್ನು ಹೊಂದಿಸಲಾಗದು. ಬಂಡವಾಳ ಲಾಭ ಕಾಣದ ಕಂಪನಿಗೆ ಯಂತ್ರ ಮಾರಾಟದ ಲೆಕ್ಕದಲ್ಲಿ ನಾನು ಬರೆಯುವುದು ಬರೀ 4 ಲಕ್ಷ.