ಒಂದೇ ನೀರು, ಎರಡು ಕ್ರಿಯಾಪದ

ಉಪವಾಸಗಳ ಬಗೆಗಿನ ವಿಡಿಯೊಗೆ ಬರೆದದ್ದನ್ನು ಇವತ್ತು ರೋಜಾ ಹಿಡಿಯುವ ಗೆಳೆಯನಿಗೆ ತೋರಿಸಿದೆ. ಒಂದು ಕಡೆ ಬೆರಳಿಟ್ಟು ನಕ್ಕ.

ನಿರ್ಜಲ ಏಕಾದಶಿಗೆ ನಾನು ಬರೆದದ್ದು: “ನೀರನ್ನೂ ತ್ಯಜಿಸುತ್ತಾರೆ.”
ರಂಜಾನ್‌ಗೆ: “ನೀರನ್ನೂ ಕುಡಿಯುವಂತಿಲ್ಲ.”

ಬಿಟ್ಟದ್ದು ಅದೇ ನೀರು. ನಮ್ಮವರದು ತ್ಯಾಗ, ಅವರದು ಕಟ್ಟುಪಾಡು! ಅಜ್ಜಿಯ ಏಕಾದಶಿ ನೋಡಿ ಬೆಳೆದ ಕೈ, ತನಗೇ ಗೊತ್ತಿಲ್ಲದೆ ಹಾಗೆ ಬರೆದಿದೆ.

ಎರಡಕ್ಕೂ “ನೀರು ಕುಡಿಯುವುದಿಲ್ಲ” ಎಂದು ತಿದ್ದಿದೆ. ಜೈನರಲ್ಲಿ ಹಲವರು ಉಪವಾಸದ ದಿನ ಕಾಯಿಸಿದ ನೀರನ್ನಷ್ಟೇ ಕುಡಿಯುತ್ತಾರೆ, ಅದೂ ಸೂರ್ಯಾಸ್ತದೊಳಗೆ, ಅದನ್ನೂ ಸೇರಿಸಿದೆ.

“ಯಾವ ಉಪವಾಸ ಕಠಿಣ?” ಎಂಬ ಶೀರ್ಷಿಕೆ (ಜಗಳಕ್ಕೆ ನಾನೇ ಅಚ್ಚು ಹಾಕಿಸಿದ ಕರೆಯೋಲೆ) ಕಿತ್ತುಹಾಕಿ, “ಮತ್ತೆ ನೀರು ಯಾವಾಗ?” ಎಂದಿಟ್ಟೆ.

ಅವನಿಗೆ ಸೂರ್ಯ ಮುಳುಗಿದೊಡನೆ, ಮಗ್ರಿಬ್ ಹೊತ್ತಿಗೆ. ಅಜ್ಜಿಗೆ ದ್ವಾದಶಿಯ ಪಾರಣೆಗೆ.