ಹಳೇ ಆಂಪ್ಲಿಫೈಯರ್‌ಗೆ ಫೋನ್

ಉಡುಪಿಯಲ್ಲಿ ಮಾವನ ಮನೆಯ ಹಳೇ ಆಂಪ್ಲಿಫೈಯರ್‌ಗೆ ಇವತ್ತು ಫೋನ್ ಜೋಡಿಸಿದೆವು. ಕೇಬಲ್‌ನ ಒಂದು ತುದಿಯಲ್ಲಿ 3.5 ಎಂಎಂ ಪಿನ್, ಇನ್ನೊಂದರಲ್ಲಿ ಕೆಂಪು-ಬಿಳಿ ಆರ್‌ಸಿಎ ಪಿನ್. ಕೆಂಪು ಬಲಕ್ಕೆ, ಬಿಳಿ ಎಡಕ್ಕೆ.

ಮಾವ ಮೊದಲು PHONO ಅಂತ ಬರೆದಿದ್ದ ಜಾಗಕ್ಕೆ ಚುಚ್ಚಿದರು. ಯಕ್ಷಗಾನ ಹಾಕಿದರೆ ಚೆಂಡೆಯ ಪೆಟ್ಟೆಲ್ಲ ಒಡೆದು ಬಂತು, ಮದ್ದಳೆ ಬರೀ ಗುಂಯ್. ಅದು ರೆಕಾರ್ಡ್ ಪ್ಲೇಯರ್‌ಗೆ ಇರೋ ಜಾಗ. ಮುಳ್ಳಿನಿಂದ ಬರೋದು ಕೆಲವೇ ಮಿಲಿವೋಲ್ಟ್, ಹಾಗಾಗಿ ಆಂಪ್ಲಿಫೈಯರ್ ಅದನ್ನು ತುಂಬಾ ಜಾಸ್ತಿ ಮಾಡುತ್ತದೆ, ಬೇಸ್ ಕೂಡ ಏರಿಸುತ್ತದೆ. ಫೋನಿನ ಸಿಗ್ನಲ್ ಅದಕ್ಕಿಂತ ಎಷ್ಟೋ ಜೋರು, ಅಲ್ವಾ? AUXಗೆ ಬದಲಿಸಿದ ಕೂಡಲೇ ಭಾಗವತರ ದನಿ ಸ್ಪಷ್ಟವಾಯಿತು. AUX ಇಲ್ಲದಿದ್ದರೆ TAPE IN ಕೂಡ ಆಗುತ್ತದೆ.

ಆದರೂ ಎಡಗಡೆ ಸದ್ದಿಲ್ಲ. ವಾಲ್ಯೂಮ್ ಇಳಿಸಿ ಕೆಂಪು-ಬಿಳಿ ಅದಲು ಬದಲು ಮಾಡಿದೆವು. ಮೌನ ಬಲಗಡೆಗೆ ಹೋಗಿದ್ದರೆ ತೊಂದರೆ ಕೇಬಲ್‌ನದ್ದೋ ಫೋನಿನದ್ದೋ ಆಗಿರುತ್ತಿತ್ತು. ಎಡಗಡೆಯೇ ಉಳಿಯಿತು. ಟಾರ್ಚ್ ಹಾಕಿ ನೋಡಿದರೆ ಸಾಕೆಟ್ ಒಳಗೆ ಹಸಿರು ಪಾಚಿ ಥರ ಕಿಲುಬು. ಕಡಲ ಗಾಳಿಯ ಉಪ್ಪು ಬಿಡುತ್ತದೆಯೇ! ಪ್ಲಗ್ ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಹಾಕಿದೆವು. ಎರಡೂ ಕಡೆ ಬಂತು.

ಹೀಗೆ ಕಿಲುಬು ಹಿಡಿದಿದ್ದಕ್ಕೇ ಎಷ್ಟು ಒಳ್ಳೆಯ ಆಂಪ್ಲಿಫೈಯರ್‌ಗಳು ಗುಜರಿಗೆ ಹೋಗಿವೆಯೋ ಅಂತ ಬೇಜಾರಾಯಿತು. ನಿಮ್ಮ ಮನೆಯಲ್ಲಿ ಇದ್ದರೆ ಕೊಡುವ ಮೊದಲು ಸಾಕೆಟ್ ಒಮ್ಮೆ ನೋಡಿ.