ಮಾವಳದ ಭತ್ತದ ನಾಟಿ: ಮಕ್ಕಳೊಂದಿಗೆ ರೈತರ ಮನೆಯಲ್ಲಿ ತಂಗಲು ಹೊರಟವರಿಗೆ

ಪುಣೆಯಿಂದ ಮಾವಳ ಪ್ರದೇಶದ ಮೂಲಕ ಲೋಣಾವಳದ ಕಡೆಗೆ ಹೋಗುವ ದಾರಿಯಲ್ಲಿ ಕೃಷಿ ಪ್ರವಾಸದ ಫಲಕಗಳಿಗೇನೂ ಕೊರತೆಯಿಲ್ಲ. ಅವುಗಳಲ್ಲಿ ಹಲವು ಕಡೆ ಈಜುಕೊಳ, ಸಂಗೀತದ ಜೊತೆ ಕೃತಕ ಮಳೆ ಮತ್ತು ಫೋಟೊ ತೆಗೆಯಲೆಂದೇ ನಿಲ್ಲಿಸಿದ ಒಂದು ಎತ್ತಿನಗಾಡಿ ಇರುತ್ತವೆ. ನಾವು ಕಾಮ್‌ಶೇತ್ ಮತ್ತು ಪವನಾ ಜಲಾಶಯದ ನಡುವಿನ ಒಂದು ರೈತ ಕುಟುಂಬದ ಮನೆಯನ್ನು ಆರಿಸಿಕೊಂಡದ್ದು, ಆ ಮನೆಯವರು ಕಳುಹಿಸಿದ ವಿವರಣೆಯನ್ನು ನೋಡಿ. ಅದರಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚಾಗಿತ್ತು: ಎಸಿ ಇಲ್ಲ, ವೈಫೈ ಇಲ್ಲ, ಕಮೋಡ್ ಇರುವುದು ಒಂದೇ ಶೌಚಾಲಯದಲ್ಲಿ, ಅದೂ ಮನೆಯ ಹಿಂದೆ ಅಂಗಳ ದಾಟಿದ ಮೇಲೆ. ಮಳೆಗಾಲದಲ್ಲಿ ಕರೆಂಟು ಹೋದರೆ ಇನ್ವರ್ಟರಿನಿಂದ ದೀಪ ಮತ್ತು ಫ್ಯಾನು ಮಾತ್ರ ನಡೆಯುತ್ತವೆ, ಬಿಸಿನೀರು ಒಲೆಯ ಮೇಲಿನ ಹಂಡೆಯದು, ಮಾಂಸದ ಅಡುಗೆ ಬೇಕಿದ್ದರೆ ಮೊದಲೇ ಹೇಳಬೇಕು ಎಂದೂ ಬರೆದಿದ್ದರು. ಹೋಗಿ ನೋಡಿದಾಗ ಈ ಮಾತುಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ.

ಅವರು ಮಾತು ಕೊಡಲು ಒಪ್ಪದ ಒಂದು ಸಂಗತಿಯಿತ್ತು, ಅದು ನಾಟಿಯ ದಿನಾಂಕ. ಊರಿನಲ್ಲಿ ಹೊಲಗದ್ದೆ ನೋಡಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು, ಆದರೆ ರಜೆ ಹಾಕಿ ಬರುವ ಕುಟುಂಬಗಳು ಜಗಳಕ್ಕಿಳಿಯುವುದು ಇಲ್ಲಿಯೇ. ಮಾವಳದಲ್ಲಿ ಜೂನ್ ತಿಂಗಳ ಮೊದಲ ಮಳೆಯ ಹೊತ್ತಿಗೆ ಸಸಿಮಡಿಗೆ ಬೀಜ ಬೀಳುತ್ತದೆ, ಸಸಿ ಮೂರು ನಾಲ್ಕು ವಾರಗಳಲ್ಲಿ ಕೀಳಲು ಸಿದ್ಧವಾಗುತ್ತದೆ, ಆದರೆ ಗದ್ದೆಯಲ್ಲಿ ನೀರು ನಿಂತು ಕೆಸರು ಹದಕ್ಕೆ ಬರುವವರೆಗೆ ನಾಟಿ ಆರಂಭವಾಗುವುದಿಲ್ಲ. ಹೀಗಾಗಿ ಜೂನ್ ಕೊನೆಯಿಂದ ಜುಲೈ ಕೊನೆಯವರೆಗೆ ಅದು ಯಾವಾಗ ಬೇಕಾದರೂ ಬರಬಹುದು, ಬಂದರೆ ಆ ಮನೆಯ ಗದ್ದೆಗಳಲ್ಲಿ ಕೆಲವೇ ದಿನಗಳಲ್ಲಿ ಮುಗಿದೂ ಹೋಗಬಹುದು. ಆದ್ದರಿಂದ ಒಂದು ನಿಗದಿತ ದಿನಕ್ಕೆ ಮುಂಗಡ ಕೊಡುವ ಬದಲು ಎರಡು ವಾರಾಂತ್ಯಗಳನ್ನು ಬಿಡುವಾಗಿ ಇಟ್ಟುಕೊಂಡು, ಹೊರಡುವ ಮೂರು ನಾಲ್ಕು ದಿನ ಮೊದಲು ಫೋನ್ ಮಾಡಿ, ಗದ್ದೆಯಲ್ಲಿ ನೀರು ನಿಂತಿದೆಯೇ, ಉಳುಮೆ ಆಯಿತೇ, ಸಸಿ ಕೀಳುವುದು ಯಾವಾಗ ಎಂದು ಕೇಳುವುದು ಒಳ್ಳೆಯದು. ಜುಲೈ ಪೂರ್ತಿ ಯಾವ ದಿನ ಬಂದರೂ ನಾಟಿ ಮಾಡಿಸುತ್ತೇವೆ ಎಂದು ಧೈರ್ಯವಾಗಿ ಹೇಳುವವರು, ನನ್ನ ಅಂದಾಜಿನಲ್ಲಿ, ಪ್ರವಾಸಿಗರಿಗಾಗಿಯೇ ಒಂದು ತುಂಡು ಕೆಸರನ್ನು ಕಾದಿಟ್ಟಿರುತ್ತಾರೆ. ಚಿಕ್ಕ ಮಕ್ಕಳಿಗೆ ಅದರಲ್ಲಿಯೂ ಸಂತೋಷವೇ ಸಿಗುತ್ತದೆ, ಆದರೆ ಅದು ಬೇಸಾಯವಲ್ಲ.

ನಮ್ಮ ಮಕ್ಕಳಿಗೆ ಮೊದಲು ಸಿಕ್ಕಿದ್ದು ಸಸಿಮಡಿಯ ಕೆಲಸ. ಸಸಿಗಳನ್ನು ಬುಡದ ಹತ್ತಿರ ಹಿಡಿದು ಕಿತ್ತು, ಬೇರಿನ ಮಣ್ಣನ್ನು ನಿಂತ ನೀರಿನಲ್ಲಿ ಅಲುಬಿ, ಹಿಡಿಹಿಡಿಯಾಗಿ ಕಟ್ಟು ಕಟ್ಟಬೇಕು. ತುದಿ ಹಿಡಿದು ಎಳೆದರೆ ಎಲೆ ಕೈಗೆ ಬರುತ್ತದೆ, ಬೇರು ಮಣ್ಣಿನಲ್ಲೇ ಉಳಿಯುತ್ತದೆ. ಬಳಿಕ ಗದ್ದೆಗೆ ಇಳಿದಾಗ ಅಲ್ಲಿ ಗುರುತು ಹಾಕಿದ ನೈಲಾನ್ ಹಗ್ಗವನ್ನು ಎಳೆದು ಹಿಡಿದಿದ್ದರು. ಹಗ್ಗದ ಮೇಲೆ ಒಮ್ಮೆ 15, ಒಮ್ಮೆ 25 ಸೆಂಟಿಮೀಟರ್ ಅಂತರದಲ್ಲಿ ಗುರುತುಗಳಿರುತ್ತವೆ, ಪ್ರತಿ ಗುರುತಿಗೂ ಎರಡು ಮೂರು ಸಸಿಗಳನ್ನು ಮಾತ್ರ ಎರಡು ಮೂರು ಸೆಂಟಿಮೀಟರ್ ಆಳಕ್ಕೆ ಊರಬೇಕು. ಹತ್ತಿರ ಹತ್ತಿರ ಇರುವ ನಾಲ್ಕು ಗುಣಿಗಳು ಸೇರಿ ಒಂದು ಚಿಕ್ಕ ಚೌಕವಾಗುತ್ತದೆ, ಗೊಬ್ಬರದ ಉಂಡೆಯನ್ನು ಆ ಚೌಕದ ನಡುವೆ ಕೆಸರಿನೊಳಗೆ ಒತ್ತುತ್ತಾರೆ. ಮಕ್ಕಳು ಮಾಡಿದ್ದು ಇದಕ್ಕೆ ಪೂರ್ತಿ ವಿರುದ್ಧ: ಒಂದೊಂದು ಗುರುತಿಗೆ ಏಳೆಂಟು ಸಸಿ, ಅದೂ ಬೆರಳು ಮುಳುಗುವಷ್ಟು ಆಳಕ್ಕೆ. ಮನೆಯ ಹಿರಿಯ ಹೆಂಗಸನ್ನು ಮಕ್ಕಳು ಆಗಲೇ ಅಜ್ಜಿ ಎಂದು ಕರೆಯತೊಡಗಿದ್ದರು. ಆಕೆ ಬೈಯಲಿಲ್ಲ, ಹಿಂದಿನಿಂದ ಬಗ್ಗಿ ಬರುತ್ತಾ ಹೆಚ್ಚಿನ ಸಸಿಗಳನ್ನು ಕಿತ್ತು ಪಕ್ಕದ ಗುರುತಿಗೆ ನೆಡುತ್ತಾ, "ಇಷ್ಟು ಆಳಕ್ಕೆ ಹೋದರೆ ಮರಿ ಒಡೆಯುವುದಿಲ್ಲ ಮಗಾ" ಎಂದು ಮರಾಠಿಯಲ್ಲಿ ತಿಳಿಸಿ ಹೇಳಿದರು.

ಈ ಕಾರಣಕ್ಕಾಗಿಯೇ ಅತಿಥಿಗಳಿಗೆ ಗದ್ದೆಯ ಒಂದು ಮೂಲೆಯನ್ನು ಮಾತ್ರ ಕೊಡುತ್ತಾರೆ, ಅದಕ್ಕೆ ಬೇಸರಪಡಬಾರದು. ಉಳಿದ ಗದ್ದೆಯಲ್ಲಿ ದಿನಗೂಲಿಯ ಹೆಂಗಸರು ಸಾಲು ಹಿಡಿದು ಹಿಂದೆ ಹಿಂದೆ ಸರಿಯುತ್ತಾ ನೆಡುತ್ತಿರುತ್ತಾರೆ, ಅವರ ವೇಗದ ನಡುವೆ ನಮ್ಮ ಮಕ್ಕಳು ಸಿಕ್ಕಿಕೊಂಡರೆ ನಷ್ಟ ಆ ಮನೆಯವರಿಗೆ. ಅವರ ಫೋಟೊ ತೆಗೆಯುವ ಮೊದಲು ಕೇಳಿಕೊಳ್ಳುವುದು ಕನಿಷ್ಠ ಮರ್ಯಾದೆ. ಶಾಲೆಗೆ ಹೋಗುವ ಮಕ್ಕಳಿಗೆ ಮುಕ್ಕಾಲು ಗಂಟೆ ಸಾಕಾಗುತ್ತದೆ, ದೊಡ್ಡವರ ಸೊಂಟಕ್ಕೆ ಅದಕ್ಕಿಂತ ಮೊದಲೇ ಸಾಕಾಗುತ್ತದೆ.

ಆರೋಗ್ಯದ ವಿಷಯವಾಗಿ ಆ ವಿವರಣೆಯಲ್ಲಿ ಒಂದೇ ಸಾಲಿತ್ತು, ಕಾಲಿನಲ್ಲಿ ಗಾಯವಿದ್ದವರು ಗದ್ದೆಗೆ ಇಳಿಯಬೇಡಿ ಎಂದು. ಅದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಇಲಿಗಳ ಮೂತ್ರ ಬೆರೆತ ಕೆಸರಿನಿಂದ ಇಲಿಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ತಗಲುವುದು ಹೆಚ್ಚಾಗಿ ಚರ್ಮದ ಗಾಯ ಮತ್ತು ಗೀರುಗಳ ಮೂಲಕ, ಅದಕ್ಕೆ ಪ್ಲಾಸ್ಟರ್ ಅಂಟಿಸಿಕೊಂಡು ಇಳಿಯುವುದು ಪರಿಹಾರವಲ್ಲ, ಏಕೆಂದರೆ ಹತ್ತು ನಿಮಿಷದಲ್ಲಿ ಅದು ಕೆಸರಿನಲ್ಲಿ ಕಳಚಿಹೋಗುತ್ತದೆ. ಮಕ್ಕಳ ಪಾದ, ಹಿಮ್ಮಡಿ ಮತ್ತು ಬೆರಳ ಸಂದುಗಳನ್ನು ಇಳಿಯುವ ಮೊದಲು ನೀವೇ ನೋಡಿ, ಹೊರಗೆ ಬಂದ ಕೂಡಲೇ ಸೋಪು ಹಚ್ಚಿ ತೊಳೆಸಿ. ಮರಳಿ ಬಂದ ಮೇಲೆ, ಸಾಮಾನ್ಯವಾಗಿ ಎರಡು ವಾರಗಳೊಳಗೆ, ಮೈಕೈ ನೋವಿನೊಂದಿಗೆ ಜ್ವರ ಬಂದರೆ, ಭತ್ತದ ಗದ್ದೆಗೆ ಇಳಿದಿದ್ದೆವು ಎಂದು ವೈದ್ಯರಿಗೆ ಹೇಳಲೇಬೇಕು, ಏಕೆಂದರೆ ನಗರದಲ್ಲಿ ಅವರು ಮೊದಲು ಸಂಶಯಿಸುವುದು ಡೆಂಗ್ಯೂವನ್ನು. ಗಮ್‌ಬೂಟು ಬದುವಿನ ಮೇಲೆ ನಡೆಯಲು ಚೆನ್ನ, ಆಳವಾದ ಕೆಸರಿನಲ್ಲಿ ಅದು ಕಾಲನ್ನು ಬಿಟ್ಟು ಅಲ್ಲಿಯೇ ನಿಲ್ಲುತ್ತದೆ.

ಮನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಸಿಗೆಗಳು ಶುಚಿಯಾಗಿದ್ದವು, ಆದರೆ ಜುಲೈಯ ಗಾಳಿಯಲ್ಲಿ ಎಲ್ಲದಕ್ಕೂ ಒಂದಿಷ್ಟು ತೇವ ಹತ್ತಿರುತ್ತದೆ. ಒದ್ದೆಯಾದ ಬಟ್ಟೆ ಮರುದಿನವೂ ಒಣಗುವುದಿಲ್ಲವಾದ್ದರಿಂದ ಮಕ್ಕಳಿಗೆ ಎಣಿಕೆಗಿಂತ ಎರಡು ಜೊತೆ ಹೆಚ್ಚಿಗೆ ಒಯ್ಯಿರಿ. ರಾತ್ರಿ ಶೌಚಾಲಯಕ್ಕೆ ಅಂಗಳ ದಾಟುವಾಗ ಟಾರ್ಚ್ ಬೇಕೇ ಬೇಕು, ಮಳೆಗಾಲದಲ್ಲಿ ಹಾವುಗಳು ಒಣ ಜಾಗ ಹುಡುಕಿಕೊಂಡು ಮನೆಯ ಕಡೆಗೇ ಬರುತ್ತವೆ. ಊಟಕ್ಕೆ ಅಕ್ಕಿಹಿಟ್ಟಿನ ಭಾಕರಿ, ಕಡಲೆಹಿಟ್ಟಿನ ಪಿಠಲೆ, ಮೆಣಸಿನಕಾಯಿಯ ಠೇಚಾ ಮತ್ತು ಅದೇ ಗದ್ದೆಯ ಇಂದ್ರಾಯಣಿ ಅಕ್ಕಿಯ ಅನ್ನ ಇದ್ದವು. ಧಾರವಾಡದ ನಮ್ಮ ಅತ್ತೆಯವರು ಜೋಳದ ರೊಟ್ಟಿಯ ಮುಂದೆ ಭಾಕರಿಗೆ ಕಡಿಮೆ ಅಂಕ ಕೊಟ್ಟರು, ಠೇಚಾಕ್ಕೆ ಮಾತ್ರ ತಕರಾರು ತೆಗೆಯಲಿಲ್ಲ. ಖಾರ ತಿನ್ನದ ಮಕ್ಕಳಿಗೆ ಬೇರೆ ಅಡುಗೆ ಇರುವುದಿಲ್ಲ, ಹಾಲು ತುಪ್ಪ ಧಾರಾಳವಾಗಿ ಸಿಗುತ್ತದೆ.

ಹೋಗಲು ಪುಣೆ–ಲೋಣಾವಳ ಲೋಕಲ್ ರೈಲು ಹಿಡಿದು ಕಾಮ್‌ಶೇತ್‌ನಲ್ಲಿ ಇಳಿಯುವುದು ನನ್ನ ಆಯ್ಕೆ, ಏಕೆಂದರೆ ಮಳೆಗಾಲದ ಶನಿವಾರ ಭಾನುವಾರಗಳಲ್ಲಿ ಲೋಣಾವಳದ ದಾರಿಯ ವಾಹನ ದಟ್ಟಣೆ ಅರ್ಧ ದಿನವನ್ನೇ ನುಂಗುತ್ತದೆ. ಮಧ್ಯಾಹ್ನದ ಹೊತ್ತಿನಲ್ಲಿ ಲೋಕಲ್‌ಗಳು ಕಡಿಮೆ, ಬೆಳಗಿನದನ್ನೇ ಹಿಡಿಯಿರಿ. ನಿಲ್ದಾಣದಿಂದ ಮುಂದಕ್ಕೆ ರಿಕ್ಷಾ ಗೊತ್ತುಮಾಡಲು ಮನೆಯವರಿಗೇ ಹೇಳುವುದು ಲೇಸು. ಹಳ್ಳಿಯಲ್ಲಿ ಫೋನಿನ ಸಿಗ್ನಲ್ ಬಂದು ಹೋಗಿ ಮಾಡುವುದರಿಂದ ಬಾಕಿ ಹಣವನ್ನು ನಗದಾಗಿಯೇ ಇಟ್ಟುಕೊಳ್ಳಿ.

ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಜುಲೈ ಬಿಟ್ಟು ಕೊಯ್ಲಿನ ಸಮಯಕ್ಕೆ, ಅಂದರೆ ಅಕ್ಟೋಬರ್ ಕೊನೆ ಅಥವಾ ನವೆಂಬರ್‌ಗೆ ಹೋಗಬೇಕು. ಆಗ ಅಂಗಳ ಒಣಗಿರುತ್ತದೆ, ಬದುವಿನ ಮೇಲೆ ಜಾರುವ ಭಯವಿಲ್ಲ, ಒಕ್ಕಣೆಯನ್ನು ಕುರ್ಚಿ ಹಾಕಿಕೊಂಡು ನೋಡಬಹುದು. ಅಕ್ಕಿ ಕೊಳ್ಳುವ ಆಸೆಯಿದ್ದವರಿಗೂ ಅದೇ ಸರಿಯಾದ ಕಾಲ. ಹತ್ತಿರದ ವಡಗಾಂವ್ ಮಾವಳದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅಂಬೆಮೋಹರ್ ಮತ್ತು ಐಆರ್ 8 ತಳಿಗಳನ್ನು ಸೇರಿಸಿ ಬೆಳೆಸಿದ ಇಂದ್ರಾಯಣಿ 1987ರಲ್ಲಿ ರೈತರ ಕೈಗೆ ಬಂತು, ಅದರ ಪರಿಮಳ ಹೊಸ ಅಕ್ಕಿಯಲ್ಲಿಯೇ ಹೆಚ್ಚು. ಹೊಸದಕ್ಕೆ ನೀರು ಕಡಿಮೆ ಇಡಬೇಕು, ಇಲ್ಲವಾದರೆ ಅನ್ನ ಮುದ್ದೆಯಾಗುತ್ತದೆ. ಜುಲೈಯಲ್ಲಿ ನಿಮ್ಮ ಚೀಲಕ್ಕೆ ಬೀಳುವುದು ಹಿಂದಿನ ವರ್ಷದ ಅಕ್ಕಿ, ಅದನ್ನೂ ಮನೆಯ ಖರ್ಚು ಕಳೆದು ಉಳಿದಿದ್ದರೆ ಮಾತ್ರ ಕೊಡುತ್ತಾರೆ.